ಕೋನಾರ್ಕದ ಕಲ್ಲಿನ ಚಕ್ರ ನಿಜವಾಗಿ ಯಾವ ಸಮಯ ತೋರಿಸುತ್ತದೆ?

2023ರ ಸೆಪ್ಟೆಂಬರ್‌ನಲ್ಲಿ ದೆಹಲಿಯ ಜಿ20 ಸಭೆಗೆ ಬಂದ ನಾಯಕರನ್ನು ಪ್ರಧಾನಿ ಸ್ವಾಗತಿಸಿದ ಜಾಗದ ಹಿಂದೆ ಒಂದು ದೊಡ್ಡ ಕಲ್ಲಿನ ಚಕ್ರದ ಚಿತ್ರವಿತ್ತು. ಒಡಿಶಾದ ಕೋನಾರ್ಕದ ಚಕ್ರ ಅದು. ನಮ್ಮ ಜೇಬಿನಲ್ಲಿರುವ ಹೊಸ 10 ರೂಪಾಯಿ ನೋಟಿನ ಹಿಂಬದಿಯಲ್ಲೂ ಅದೇ ಚಕ್ರವಿದೆ. ಅಂದಿನಿಂದ ಒಂದು ಮಾತು ಮತ್ತೆ ಮತ್ತೆ ಓಡಾಡುತ್ತಿದೆ: ಈ ಚಕ್ರದ ನಡುವೆ ಬೆರಳಿಟ್ಟರೆ ನೆರಳು ಬಿದ್ದ ಜಾಗ ನೋಡಿ ನಿಮಿಷದ ಲೆಕ್ಕದಲ್ಲಿ ಗಂಟೆ ಹೇಳಬಹುದು. ದೇವಸ್ಥಾನದಲ್ಲಿ ಗೈಡ್‌ಗಳು ಇದನ್ನು ದಿನವೂ ಮಾಡಿ ತೋರಿಸುತ್ತಾರೆ. ವಾಚ್ ನೋಡಿಕೊಂಡ ಪ್ರವಾಸಿಗರು ಹೌದಲ್ಲ ಅಂತ ತಲೆದೂಗುತ್ತಾರೆ.

ಇದು ನಿಜವೋ ಸುಳ್ಳೋ ಅಂತ ಒಂದೇ ಮಾತಿನಲ್ಲಿ ತೀರ್ಪು ಕೊಡುವುದು ಸರಿಯಲ್ಲ. ಲೆಕ್ಕ ಹಾಕಿ ನೋಡಿದರೆ ಗೈಡ್ ಹೇಳುವುದಕ್ಕಿಂತ ಚೆಂದದ ಸಂಗತಿಯೇ ಸಿಗುತ್ತದೆ. ಆ ಚಕ್ರ ವಾಚಿನ ಗಂಟೆಯನ್ನು ಸರಿಯಾಗಿ ತೋರಿಸುವುದಿಲ್ಲ. ಆದರೆ ಅದನ್ನು ಕಡೆದ ಕಾಲದ ಜನ ದಿನವನ್ನು ಹೇಗೆ ಎಣಿಸುತ್ತಿದ್ದರೋ, ಆ ಎಣಿಕೆಗೆ ಬಹಳ ಹತ್ತಿರ ಬರುತ್ತದೆ.

ಮೊದಲು ಕಟ್ಟಡ ಹೇಗಿದೆ ಅಂತ ಸ್ವಲ್ಪ ನೋಡೋಣ. ಪುರಿಯಿಂದ ಈಶಾನ್ಯಕ್ಕೆ ಸುಮಾರು 35 ಕಿಲೋಮೀಟರ್ ದೂರದಲ್ಲಿ, ಬಂಗಾಳ ಕೊಲ್ಲಿಯ ಹತ್ತಿರ ಈ ದೇವಸ್ಥಾನವಿದೆ. 13ನೇ ಶತಮಾನದ ನಡುವಿನಲ್ಲಿ ಪೂರ್ವ ಗಂಗರ ದೊರೆ ಒಂದನೇ ನರಸಿಂಹದೇವ ಕಟ್ಟಿಸಿದ್ದು. ಇಡೀ ದೇವಸ್ಥಾನವೇ ಸೂರ್ಯನ ರಥ. ಎತ್ತರದ ಜಗಲಿಯ ಎರಡೂ ಬದಿಗೆ 12 ಜೋಡಿ ಚಕ್ರಗಳು, ಮುಂದೆ ಎಳೆಯುವ ಏಳು ಕುದುರೆಗಳು. ರಥದ ಮುಖ ಪೂರ್ವಕ್ಕೆ. ಚಕ್ರಗಳು ಬದಿಯ ಗೋಡೆಗಳಲ್ಲಿ ಇರುವುದರಿಂದ ಒಂದು ಸಾಲು ದಕ್ಷಿಣಕ್ಕೆ ನೋಡುತ್ತದೆ, ಇನ್ನೊಂದು ಉತ್ತರಕ್ಕೆ. ಈ ಒಂದು ವಿಷಯ ನೆನಪಿಟ್ಟುಕೊಳ್ಳಿ. ಮುಂದಿನದೆಲ್ಲ ಇದರ ಮೇಲೆಯೇ ನಿಂತಿದೆ.

ಒಂದೊಂದು ಚಕ್ರವೂ ಅಡ್ಡಳತೆಯಲ್ಲಿ ಸುಮಾರು 3 ಮೀಟರ್. ನಡುವೆ ಗೋಡೆಯಿಂದ ಹೊರಚಾಚಿದ ಗುಂಬ. ಅದರಿಂದ ಎಂಟು ದಪ್ಪ ಕಡ್ಡಿಗಳು, ಅವುಗಳ ನಡುನಡುವೆ ಎಂಟು ಸಣ್ಣ ಕಡ್ಡಿಗಳು. ದಪ್ಪ ಕಡ್ಡಿಗಳ ಮಧ್ಯದಲ್ಲಿ ದುಂಡನೆಯ ಬಿಲ್ಲೆಗಳಿವೆ, ಅದರೊಳಗೆ ಪುಟ್ಟ ಮೂರ್ತಿಗಳು. ಸುತ್ತಿನ ಅಂಚಿನಲ್ಲಿ ಮಣಿಗಳ ಸಾಲು. ಗೈಡ್‌ಗಳ ಲೆಕ್ಕ ಹೀಗೆ: ಎಂಟು ದಪ್ಪ ಕಡ್ಡಿ ಅಂದರೆ ದಿನದ ಎಂಟು ಜಾವ, ಒಂದೊಂದು ಮೂರು ಗಂಟೆ. ಸಣ್ಣ ಕಡ್ಡಿ ಬಂದರೆ ಒಂದೂವರೆ ಗಂಟೆ. ದಪ್ಪ ಕಡ್ಡಿಗೂ ಸಣ್ಣ ಕಡ್ಡಿಗೂ ನಡುವೆ 30 ಮಣಿ, ಹಾಗಾಗಿ ಒಂದು ಮಣಿಗೆ ಮೂರು ನಿಮಿಷ. ದಕ್ಷಿಣದ ಚಕ್ರದಲ್ಲಿ ನೆರಳು ಬೆಳಿಗ್ಗೆ ಎಡಕ್ಕೆ, ಮಧ್ಯಾಹ್ನ ಕೆಳಕ್ಕೆ, ಸಂಜೆ ಬಲಕ್ಕೆ ಬೀಳುತ್ತದೆ. ಅಂದರೆ ಗಡಿಯಾರದ ಮುಳ್ಳಿಗೆ ಎದುರು ದಿಕ್ಕಿನಲ್ಲಿ ಓದಬೇಕು.

ಈಗ ಅಸಲಿ ಪ್ರಶ್ನೆ. ಗೋಡೆಗೆ ನೆಟ್ಟಗೆ ಹೊರಚಾಚಿದ ಒಂದು ಕಡ್ಡಿಯ ನೆರಳು, ಗಂಟೆಗೆ ಇಷ್ಟು ಅಂತ ಒಂದೇ ವೇಗದಲ್ಲಿ ತಿರುಗುತ್ತದೆಯೇ?

ಸಾಮಾನ್ಯವಾಗಿ ಇಲ್ಲ. ನೆರಳು ಸಮವಾಗಿ ತಿರುಗಬೇಕಾದರೆ ಕಡ್ಡಿ ಧ್ರುವ ನಕ್ಷತ್ರದ ಕಡೆಗೆ ಮುಖ ಮಾಡಿರಬೇಕು, ಅಂದರೆ ಭೂಮಿಯ ಅಕ್ಷಕ್ಕೆ ಸಮಾನಾಂತರವಾಗಿರಬೇಕು. ಚಕ್ರ ಆ ಕಡ್ಡಿಗೆ ಅಡ್ಡಲಾಗಿ ನಿಂತಿರಬೇಕು. ಕೋನಾರ್ಕ ಇರುವುದು ಸುಮಾರು 19.9 ಡಿಗ್ರಿ ಉತ್ತರ ಅಕ್ಷಾಂಶದಲ್ಲಿ. ಹಾಗಾಗಿ ಅಲ್ಲಿ ಧ್ರುವ ನಕ್ಷತ್ರ ನೆಲದಿಂದ ಸುಮಾರು 20 ಡಿಗ್ರಿ ಎತ್ತರದಲ್ಲಿ ಕಾಣುತ್ತದೆ. ಪಕ್ಕಾ ಗಡಿಯಾರ ಬೇಕಿದ್ದರೆ ಚಕ್ರವನ್ನು 20 ಡಿಗ್ರಿ ವಾಲಿಸಿ ಕೂರಿಸಬೇಕಿತ್ತು. ರಥದ ಚಕ್ರ ಹಾಗೆ ವಾಲಿರುವುದಿಲ್ಲ, ಅಲ್ವಾ? ಅದು ನೆಟ್ಟಗೆ ನಿಂತಿದೆ. ಎಲ್ಲ ತಪ್ಪೂ ಹುಟ್ಟುವುದು ಈ 20 ಡಿಗ್ರಿಯಿಂದಲೇ.

ಆದರೆ 20 ಡಿಗ್ರಿ ದೊಡ್ಡದೇನಲ್ಲ. ಹಗಲು ರಾತ್ರಿ ಸಮವಾಗುವ ಮಾರ್ಚ್ 21ರ ಆಸುಪಾಸಿನ ದಿನ ತೆಗೆದುಕೊಳ್ಳಿ. ಸೂರ್ಯ ನೆತ್ತಿಯ ಗೆರೆ ದಾಟಿ ಸರಿಯಾಗಿ ಮೂರು ಗಂಟೆ ಕಳೆದಾಗ ನೆರಳು ಕೆಳಗಿನ ಕಡ್ಡಿಯಿಂದ 45 ಡಿಗ್ರಿ ಸರಿದಿರಬೇಕು. ಲೆಕ್ಕದ ಪ್ರಕಾರ ಅದು ಸರಿಯುವುದು 46.8 ಡಿಗ್ರಿ. ಸಮಯದಲ್ಲಿ ಹೇಳಿದರೆ ಏಳು ನಿಮಿಷದ ತಪ್ಪು. ಇದೇ ಚಕ್ರವನ್ನು ದೆಹಲಿಯಲ್ಲಿ ನಿಲ್ಲಿಸಿದ್ದರೆ ತಪ್ಪು 15 ನಿಮಿಷ ಆಗುತ್ತಿತ್ತು. ಲಂಡನ್‌ನಲ್ಲಿ 50 ನಿಮಿಷಕ್ಕೂ ಜಾಸ್ತಿ. ನಮ್ಮ ಬೆಂಗಳೂರಿನಲ್ಲಿ ಬರೀ ಮೂರು ನಿಮಿಷ. ಭೂಮಧ್ಯ ರೇಖೆಗೆ ಹತ್ತಿರ ಹೋದಷ್ಟೂ ನೆಟ್ಟಗಿನ ಚಕ್ರ ಒಳ್ಳೆಯ ಗಡಿಯಾರವಾಗುತ್ತದೆ. ಕೋನಾರ್ಕದ ಚಕ್ರ ಕೆಲಸ ಮಾಡುತ್ತದೆ ಅನ್ನುವುದರ ಹಿಂದೆ ಗುಟ್ಟೇನಾದರೂ ಇದ್ದರೆ ಇದೇ. ಪೂರ್ವಕ್ಕೆ ಮುಖ ಮಾಡಿದ ರಥ, ಅದಕ್ಕೆ ಉತ್ತರ ದಕ್ಷಿಣಕ್ಕೆ ನೋಡುವ ಚಕ್ರಗಳು, ಜೊತೆಗೆ ಕಡಿಮೆ ಅಕ್ಷಾಂಶದ ಊರು.

ಇನ್ನು ವಾಚಿನ ಜೊತೆ ಹೋಲಿಸುವಾಗ ಬೇರೆ ಎರಡು ವ್ಯತ್ಯಾಸ ಸೇರಿಕೊಳ್ಳುತ್ತವೆ. ನಮ್ಮ ದೇಶದ ಗಡಿಯಾರಗಳೆಲ್ಲ 82.5 ಡಿಗ್ರಿ ಪೂರ್ವ ರೇಖಾಂಶದ ಸಮಯ ತೋರಿಸುತ್ತವೆ. ಕೋನಾರ್ಕ ಇರುವುದು ಸುಮಾರು 86.1 ಡಿಗ್ರಿಯಲ್ಲಿ. ಅಲ್ಲಿ ಸೂರ್ಯ 14 ನಿಮಿಷ ಮುಂಚೆಯೇ ನೆತ್ತಿಗೆ ಬರುತ್ತಾನೆ. ಇದರ ಮೇಲೆ ಭೂಮಿ ಸೂರ್ಯನನ್ನು ಸುತ್ತುವ ವೇಗ ವರ್ಷವಿಡೀ ಒಂದೇ ಸಮ ಇರುವುದಿಲ್ಲ, ಅದರ ಅಕ್ಷವೂ ವಾಲಿದೆ. ಹಾಗಾಗಿ ಸೂರ್ಯನ ಸಮಯ ಫೆಬ್ರವರಿ ನಡುವಿನಲ್ಲಿ 14 ನಿಮಿಷ ಹಿಂದೆ ಬೀಳುತ್ತದೆ, ನವೆಂಬರ್ ಮೊದಲ ವಾರದಲ್ಲಿ 16 ನಿಮಿಷ ಮುಂದೆ ಹೋಗುತ್ತದೆ. ಫೆಬ್ರವರಿಯಲ್ಲಿ ಈ ಎರಡು ವ್ಯತ್ಯಾಸಗಳು ಒಂದನ್ನೊಂದು ಕಳೆದುಬಿಡುತ್ತವೆ. ಆಗ ಮಧ್ಯಾಹ್ನದ ಹೊತ್ತಿಗೆ ಕೋನಾರ್ಕಕ್ಕೆ ಹೋದವರಿಗೆ ಚಕ್ರವೂ ವಾಚೂ ಹೊಂದಿಕೊಂಡಂತೆ ಕಂಡು ಆಶ್ಚರ್ಯವಾಗುತ್ತದೆ. ನವೆಂಬರ್‌ನಲ್ಲಿ ಹೋದರೆ ವಾಚಿನಲ್ಲಿ ಹನ್ನೊಂದೂವರೆ ಆದಾಗಲೇ ನೆರಳು ನೇರ ಕೆಳಕ್ಕೆ ಬಿದ್ದಿರುತ್ತದೆ. ಚಕ್ರದ ತಪ್ಪಲ್ಲ ಅದು. ಅಲ್ಲಿ ಸೂರ್ಯ ನೆತ್ತಿಗೆ ಬಂದಿರುವುದು ನಿಜವೇ.

ಚಳಿಗಾಲದಲ್ಲಿ ಇನ್ನೊಂದು ಸಮಸ್ಯೆ ಏಳುತ್ತದೆ. ಡಿಸೆಂಬರ್ 21 ಅಂದುಕೊಳ್ಳಿ. ವಾಚಿನಲ್ಲಿ ಸರಿಯಾಗಿ ಮಧ್ಯಾಹ್ನ ಮೂರು. ಊರಿನ ವ್ಯತ್ಯಾಸ 14 ನಿಮಿಷ, ಆ ದಿನದ ಸೂರ್ಯನ ವ್ಯತ್ಯಾಸ 2 ನಿಮಿಷ ಸೇರಿಸಿದರೆ ಅಲ್ಲಿನ ಸೂರ್ಯನ ಸಮಯ 3 ಗಂಟೆ 16 ನಿಮಿಷ. ಚಕ್ರದಲ್ಲಿ ನೆರಳು ಎಲ್ಲಿರುತ್ತದೆ? ಕೆಳಗಿನ ಕಡ್ಡಿಯಿಂದ 58 ಡಿಗ್ರಿ ದಾಟಿರುತ್ತದೆ. ಗೈಡ್ ಹೇಳುವ ಹಾಗೆ ಓದಿದರೆ 3 ಗಂಟೆ 53 ನಿಮಿಷ. ವಾಚಿಗೂ ಚಕ್ರಕ್ಕೂ ಒಂದು ಗಂಟೆಯ ಹತ್ತಿರ ವ್ಯತ್ಯಾಸ. ಅದರಲ್ಲಿ 37 ನಿಮಿಷ ಚಕ್ರ ವಾಲದೆ ನೆಟ್ಟಗಿರುವುದರಿಂದಲೇ ಬಂದದ್ದು. ಮೂರು ನಿಮಿಷದ ಮಣಿ ಎಣಿಸುವ ಮಾತು ಇಲ್ಲಿ ನಿಲ್ಲುವುದಿಲ್ಲ.

ಹಾಗಾದರೆ ಇದೆಲ್ಲ ಸುಮ್ನೆ ಕಥೆಯೇ? ಅಲ್ಲ. ನಾವು ತಪ್ಪು ಗಡಿಯಾರ ಹಿಡಿದು ಅಳೆಯುತ್ತಿದ್ದೇವೆ ಅನ್ನುವುದು ನನ್ನ ಅನಿಸಿಕೆ.

ಸೂರ್ಯ ಹುಟ್ಟುವ ಗಳಿಗೆಯನ್ನು ನೋಡಿ. ಆಗ ಅವನು ನೆಲದ ಮಟ್ಟದಲ್ಲಿರುತ್ತಾನೆ. ಅವನು ಎಡಕ್ಕೆ ಹುಟ್ಟಲಿ ಬಲಕ್ಕೆ ಹುಟ್ಟಲಿ, ಬೆಳಕು ಅಡ್ಡಡ್ಡಲಾಗಿ ಬರುತ್ತದೆ. ಹಾಗಾಗಿ ಗುಂಬದ ನೆರಳೂ ಅಡ್ಡ ಕಡ್ಡಿಯ ಮೇಲೆಯೇ ಮಲಗುತ್ತದೆ. ಡಿಸೆಂಬರ್ ಆದರೂ ಅಷ್ಟೇ, ಜೂನ್ ಆದರೂ ಅಷ್ಟೇ. ಮಧ್ಯಾಹ್ನ ಸೂರ್ಯ ಉತ್ತರ ದಕ್ಷಿಣದ ಗೆರೆ ದಾಟುವಾಗ ನೆರಳು ಯಾವಾಗಲೂ ನೇರ ಕೆಳಕ್ಕೆ. ಮುಳುಗುವಾಗ ಮತ್ತೆ ಅಡ್ಡ ಕಡ್ಡಿಯ ಮೇಲೆ, ಈ ಸಲ ಎದುರು ಬದಿಗೆ. ಅಂದರೆ ಹಗಲು ಉದ್ದವಿರಲಿ ಗಿಡ್ಡವಿರಲಿ, ಅದು ಚಕ್ರದ ಕೆಳಗಿನ ಅರ್ಧವನ್ನು ಪೂರ್ತಿಯಾಗಿ ತುಂಬುತ್ತದೆ. ಆ ಅರ್ಧದಲ್ಲಿ ದಪ್ಪ ಕಡ್ಡಿಗಳ ನಡುವೆ ಇರುವುದು ನಾಲ್ಕೇ ಮನೆ.

ಹಗಲಿಗೆ ನಾಲ್ಕು ಜಾವ, ಇರುಳಿಗೆ ನಾಲ್ಕು ಜಾವ. ಹಳೆಯ ಕಾಲದಲ್ಲಿ ಜಾವ ಅಂದರೆ ಮೂರು ಗಂಟೆ ಅಂತ ಗಟ್ಟಿಯಾಗಿ ಇರಲಿಲ್ಲ. ಸೂರ್ಯ ಹುಟ್ಟಿದಲ್ಲಿಂದ ಮುಳುಗುವವರೆಗಿನ ಹೊತ್ತನ್ನು ನಾಲ್ಕು ಭಾಗ ಮಾಡಿದರೆ ಒಂದು ಜಾವ. ಕೋನಾರ್ಕದಲ್ಲಿ ಡಿಸೆಂಬರ್‌ನ ಹಗಲು ಸುಮಾರು 10 ಗಂಟೆ 48 ನಿಮಿಷ, ಆಗ ಒಂದು ಜಾವ 2 ಗಂಟೆ 42 ನಿಮಿಷ. ಜೂನ್‌ನಲ್ಲಿ ಹಗಲು 13 ಗಂಟೆ 12 ನಿಮಿಷ, ಜಾವ 3 ಗಂಟೆ 18 ನಿಮಿಷ. ಜಾವ ಹಿಗ್ಗುತ್ತದೆ, ಕುಗ್ಗುತ್ತದೆ. ನೆಟ್ಟಗೆ ನಿಂತ ಚಕ್ರದ ನೆರಳೂ ಅದರ ಜೊತೆಗೇ ಹಿಗ್ಗುತ್ತದೆ, ಕುಗ್ಗುತ್ತದೆ.

ಈಗ ಅದೇ ಡಿಸೆಂಬರ್ 21ಕ್ಕೆ ವಾಪಸ್ ಹೋಗೋಣ. ಆ ದಿನ ಹಗಲಿನ ನಾಲ್ಕನೇ ಜಾವ ವಾಚಿನ ಪ್ರಕಾರ ಸುಮಾರು 2 ಗಂಟೆ 26 ನಿಮಿಷಕ್ಕೆ ಶುರುವಾಗಿ 5 ಗಂಟೆ 10ರ ಹೊತ್ತಿಗೆ ಮುಗಿಯುತ್ತದೆ. ಮೂರು ಗಂಟೆಗೆ ಜಾವದ ಐದನೇ ಒಂದು ಭಾಗ ಕಳೆದಿರುತ್ತದೆ. ಚಕ್ರ ತೋರಿಸುವುದು ಅದಕ್ಕಿಂತ ತುಸು ಜಾಸ್ತಿ. ವ್ಯತ್ಯಾಸ 13 ನಿಮಿಷದಷ್ಟು. ವಾಚಿನ ಲೆಕ್ಕದಲ್ಲಿ 53 ನಿಮಿಷ ತಪ್ಪಿದ್ದ ಚಕ್ರ, ಜಾವದ ಲೆಕ್ಕದಲ್ಲಿ 13 ನಿಮಿಷಕ್ಕೆ ಇಳಿಯಿತು. ಜೂನ್‌ನಲ್ಲಂತೂ ಇನ್ನೂ ಚೆನ್ನ. ಜೂನ್ 21ರಂದು ಮೂರನೇ ಜಾವ ಮುಗಿದು ನಾಲ್ಕನೆಯದು ಶುರುವಾಗುವ ಗಳಿಗೆಯಲ್ಲಿ ನೆರಳು 45 ಡಿಗ್ರಿಯ ದಪ್ಪ ಕಡ್ಡಿಯ ಮೇಲೆ ಹೆಚ್ಚು ಕಡಿಮೆ ಕರಾರುವಾಕ್ಕಾಗಿ ಬಂದು ಕೂರಬೇಕು. ಈ ಲೆಕ್ಕ ಮೊದಲ ಸಲ ಬಿಡಿಸಿದಾಗ ನನಗೆ ತುಂಬಾ ಖುಷಿಯಾಯಿತು.

ಆದರೆ ಜೂನ್‌ನಲ್ಲಿ ಗೈಡ್ ತೋರಿಸುವ ದಕ್ಷಿಣದ ಚಕ್ರದ ಮುಂದೆ ನಿಂತರೆ ಏನೂ ಕಾಣುವುದಿಲ್ಲ. ಮೇ 20ರಿಂದ ಜುಲೈ 24ರವರೆಗೆ ಕೋನಾರ್ಕದಲ್ಲಿ ಸೂರ್ಯ ಮಧ್ಯಾಹ್ನವೂ ನೆತ್ತಿಯಿಂದ ಉತ್ತರಕ್ಕೇ ಇರುತ್ತಾನೆ. ಆ ಎರಡು ತಿಂಗಳು ದಕ್ಷಿಣದ ಗೋಡೆಗೆ ನೇರ ಬಿಸಿಲು ಬೀಳುವುದೇ ಇಲ್ಲ. ಅದಕ್ಕೂ ಮುಂಚೆಯೇ ಬಿಸಿಲು ಕಡಿಮೆಯಾಗುತ್ತಾ ಬಂದಿರುತ್ತದೆ. ಏಪ್ರಿಲ್ 20ರ ಹೊತ್ತಿಗೆ ದಕ್ಷಿಣ ಗೋಡೆಗೆ ಬಿಸಿಲು ಹತ್ತುವುದು ಸೂರ್ಯನ ಸಮಯದಲ್ಲಿ ಬೆಳಿಗ್ಗೆ ಎಂಟೂಕಾಲಿಗೆ, ಇಳಿಯುವುದು ಮೂರೂಮುಕ್ಕಾಲಿಗೆ. ಬೇಸಿಗೆಯಲ್ಲಿ ಕೆಲಸ ಮಾಡುವುದು ಉತ್ತರ ಬದಿಯ ಚಕ್ರಗಳು. ಅಲ್ಲಿ ನೆರಳು ನಮ್ಮ ಗಡಿಯಾರದ ಮುಳ್ಳಿನ ದಿಕ್ಕಿನಲ್ಲೇ ತಿರುಗುತ್ತದೆ. ದಕ್ಷಿಣದ ಸಾಲಿಗೆ ಚಳಿಗಾಲ, ಉತ್ತರದ ಸಾಲಿಗೆ ಬೇಸಿಗೆ. ಎರಡೂ ಸೇರಿದರೆ ಮಾತ್ರ ವರ್ಷ ಪೂರ್ತಿ. ರಥಕ್ಕೆ ಎರಡೂ ಕಡೆ ಚಕ್ರ ಬೇಕೇ ಬೇಕಲ್ಲ, ಅದು ಇಲ್ಲಿ ಹೀಗೂ ಒದಗಿಬಂದಿದೆ. ಬೇಸಿಗೆಯ ನಡುಮಧ್ಯಾಹ್ನಕ್ಕೆ ಮಾತ್ರ ಯಾವ ಚಕ್ರವೂ ಸರಿಯಾಗಿ ಒದಗುವುದಿಲ್ಲ. ಸೂರ್ಯ ನೆತ್ತಿಯ ಹತ್ತಿರ ಇದ್ದಾಗ ಬೆಳಕು ಗೋಡೆಯನ್ನು ಸವರಿಕೊಂಡು ಇಳಿಯುತ್ತದೆ, ಮೇಲೆ ಚಾಚಿದ ಕಲ್ಲಿನ ಪಟ್ಟಿಗಳ ನೆರಳೇ ಚಕ್ರವನ್ನು ಮುಚ್ಚುತ್ತದೆ.

ಮಣಿಗಳ ಬಗ್ಗೆಯೂ ಒಂದು ಮಾತು. ಮೂರು ಮೀಟರ್ ಚಕ್ರದ ಸುತ್ತಳತೆಯಲ್ಲಿ ಮೂರು ನಿಮಿಷಕ್ಕೆ ಸಿಗುವ ಜಾಗ ಎರಡು ಸೆಂಟಿಮೀಟರ್‌ನಷ್ಟು. ಸೂರ್ಯ ಚುಕ್ಕೆಯಲ್ಲ, ಆಕಾಶದಲ್ಲಿ ಅರ್ಧ ಡಿಗ್ರಿ ಅಗಲದ ಬಿಲ್ಲೆ. ಹಾಗಾಗಿ ಬೆರಳಿನ ನೆರಳು ಒಂದೂವರೆ ಮೀಟರ್ ಹೋಗುವಷ್ಟರಲ್ಲಿ ಅದರ ಅಂಚು ಒಂದು ಸೆಂಟಿಮೀಟರ್‌ಗಿಂತ ಹೆಚ್ಚು ಮಸುಕಾಗುತ್ತದೆ. ಗುಂಬ ದಪ್ಪಗಿದೆ, ಅದಕ್ಕೇ ಗೈಡ್‌ಗಳು ಬೆರಳನ್ನೋ ಪೆನ್ನನ್ನೋ ಇಡುವುದು. ಮೇಲಾಗಿ ಇಲ್ಲಿನ ಗೋಡೆಗಳ ಖೊಂಡಲೈಟ್ ಕಲ್ಲು ಮೆತ್ತನೆಯದು. ಏಳೂವರೆ ಶತಮಾನದ ಉಪ್ಪುಗಾಳಿ ಅದನ್ನು ತಿಂದಿದೆ. ಎಷ್ಟೋ ಚಕ್ರಗಳ ಅಂಚು ಸವೆದುಹೋಗಿದೆ, ಕೆಲವು ಮುರಿದಿವೆ. ಮಣಿ ಎಣಿಸಿ ನಿಮಿಷ ಹೇಳುವುದಕ್ಕಿಂತ ಯಾವ ಜಾವದಲ್ಲಿ ಎಷ್ಟು ಭಾಗ ಕಳೆದಿದೆ ಅಂತ ಓದುವುದೇ ಈ ಚಕ್ರಕ್ಕೆ ನ್ಯಾಯ.

ಶಿಲ್ಪಿಗಳು ಇದನ್ನು ಗಡಿಯಾರ ಅಂತಲೇ ಕಡೆದರೋ? ನನಗೆ ಹಾಗೆ ಅನಿಸುವುದಿಲ್ಲ. ಆ ಕಾಲದಲ್ಲಿ ಹೊತ್ತು ಅಳೆಯಲು ನೀರಿನ ಗಳಿಗೆ ಬಟ್ಟಲು ಇತ್ತು. ಅದು ಮೋಡ ಮುಸುಕಿದ ದಿನವೂ ರಾತ್ರಿಯೂ ನಡೆಯುತ್ತಿತ್ತು. ಚಕ್ರಗಳು ಮೊದಲಿಗೆ ಸೂರ್ಯನ ರಥದ ಚಕ್ರಗಳು, ಎಂಟು ಕಡ್ಡಿಯಲ್ಲಿ ದಿನದ ಎಂಟು ಜಾವವನ್ನು ಹೇಳುವ ಚಿತ್ರಗಳು. ಆದರೆ ರಥವನ್ನು ನೇರ ಪೂರ್ವಕ್ಕೆ ತಿರುಗಿಸಿ ನಿಲ್ಲಿಸಿದ ಮೇಲೆ ಆ ಚಿತ್ರ ತಾನಾಗಿ ನಡೆಯತೊಡಗುತ್ತದೆ.

ಪೂರ್ವವನ್ನು ಕಂಡುಹಿಡಿಯುವ ವಿಧಾನ ನಮ್ಮಲ್ಲಿ ಬಹಳ ಹಳೆಯದು, ಶುಲ್ಬಸೂತ್ರಗಳ ಕಾಲದ್ದು. ನೆಲವನ್ನು ನೀರಿನಿಂದ ಮಟ್ಟ ಮಾಡಿ ನಡುವೆ ಒಂದು ಗೂಟ ನೆಡಬೇಕು. ಅದರ ಸುತ್ತ ಹಗ್ಗದಿಂದ ವೃತ್ತ ಎಳೆಯಬೇಕು. ಬೆಳಿಗ್ಗೆ ಗೂಟದ ನೆರಳಿನ ತುದಿ ವೃತ್ತದ ಒಳಗೆ ಬರುವ ಜಾಗಕ್ಕೆ ಒಂದು ಗುರುತು, ಮಧ್ಯಾಹ್ನದ ಮೇಲೆ ಹೊರಗೆ ಹೋಗುವ ಜಾಗಕ್ಕೆ ಇನ್ನೊಂದು. ಎರಡನ್ನೂ ಸೇರಿಸಿದರೆ ಪೂರ್ವ ಪಶ್ಚಿಮದ ಗೆರೆ. ನಾಲ್ಕಾರು ತಾಸಿನಲ್ಲಿ ಸೂರ್ಯ ಸ್ವಲ್ಪ ಉತ್ತರಕ್ಕೋ ದಕ್ಷಿಣಕ್ಕೋ ಸರಿದಿರುತ್ತಾನೆ, ಅಷ್ಟು ತಪ್ಪು ಬರುತ್ತದೆ. ಜೂನ್ ಅಥವಾ ಡಿಸೆಂಬರ್‌ನ ಕೊನೆಯ ವಾರಗಳಲ್ಲಿ ಮಾಡಿದರೆ ಆ ತಪ್ಪು ಇಲ್ಲವೆನ್ನುವಷ್ಟು ಕಡಿಮೆ.

ಇಲ್ಲಿ ಇನ್ನೊಂದು ಜನಪ್ರಿಯ ಮಾತನ್ನು ಪರೀಕ್ಷಿಸಬೇಕು. ದಿನದ ಮೊದಲ ಕಿರಣ ಗರ್ಭಗುಡಿಯ ಸೂರ್ಯನ ಮೇಲೆ ಬೀಳುತ್ತಿತ್ತು ಅನ್ನುತ್ತಾರೆ. ದಿನವೂ ಹಾಗಾಗಲು ಸಾಧ್ಯವಿಲ್ಲ. ಕೋನಾರ್ಕದಲ್ಲಿ ಸೂರ್ಯ ಹುಟ್ಟುವ ಜಾಗ ನೇರ ಪೂರ್ವದಿಂದ ಉತ್ತರಕ್ಕೆ 25 ಡಿಗ್ರಿ, ದಕ್ಷಿಣಕ್ಕೆ 25 ಡಿಗ್ರಿ ಓಡಾಡುತ್ತದೆ. ನೇರ ಪೂರ್ವದಲ್ಲಿ ಹುಟ್ಟುವುದು ಮಾರ್ಚ್ ಮತ್ತು ಸೆಪ್ಟೆಂಬರ್‌ನ ಕೆಲವೇ ದಿನ. ನಮ್ಮ ರಥಸಪ್ತಮಿಯ ದಿನವೇ ಅಲ್ಲಿ ಮಾಘ ಸಪ್ತಮಿಯ ಜಾತ್ರೆ. ಚಂದ್ರಭಾಗಾ ತೀರದಲ್ಲಿ ಸಾವಿರಾರು ಜನ ಮಿಂದು ಸೂರ್ಯ ಹುಟ್ಟುವುದನ್ನು ಕಾಯುತ್ತಾರೆ. ಹಬ್ಬ ಫೆಬ್ರವರಿ 1ರ ಆಸುಪಾಸು ಬಂದರೆ ಆ ದಿನ ಸೂರ್ಯ ಹುಟ್ಟುವುದು ಪೂರ್ವದಿಂದ 18 ಡಿಗ್ರಿ ದಕ್ಷಿಣಕ್ಕೆ. ಅಂಥ ಬೆಳಕು ಬಾಗಿಲಿನಿಂದ ಒಳಗೆ ಪ್ರತಿ 10 ಮೀಟರ್ ಸಾಗುವಾಗ ಮೂರು ಮೀಟರ್‌ಗೂ ಜಾಸ್ತಿ ಪಕ್ಕಕ್ಕೆ ಸರಿಯುತ್ತದೆ. ಒಂದರ ಹಿಂದೆ ಒಂದು ಬಾಗಿಲು ದಾಟಿ ಗರ್ಭಗುಡಿ ಮುಟ್ಟುವ ಮುಂಚೆಯೇ ಅದು ಗೋಡೆಗೆ ಬಡಿಯುತ್ತದೆ. ಬೆಂಗಳೂರಿನ ಗವಿ ಗಂಗಾಧರೇಶ್ವರದಲ್ಲಿ ಸಂಕ್ರಾಂತಿಯ ಸಂಜೆ ಬೆಳಕು ಲಿಂಗ ಮುಟ್ಟುತ್ತದೆ. ಅಲ್ಲಿನ ಲೆಕ್ಕ ಬೇರೆ, ಕೋನಾರ್ಕದ ಲೆಕ್ಕ ಬೇರೆ.

ಸೂರ್ಯನ ದಾರಿಯನ್ನು ಕೋನಾರ್ಕ ಹಿಡಿದಿಟ್ಟಿರುವ ಇನ್ನೊಂದು ಜಾಗವೆಂದರೆ ಗರ್ಭಗುಡಿಯ ಹೊರಗೋಡೆಯ ಮೂರು ದೊಡ್ಡ ಗೂಡುಗಳು. ದಕ್ಷಿಣ, ಪಶ್ಚಿಮ, ಉತ್ತರದಲ್ಲಿ ಒಂದೊಂದು ಸೂರ್ಯ. ಕರಿಹಸಿರು ಛಾಯೆಯ ಕ್ಲೋರೈಟ್ ಕಲ್ಲಿನ, ಆಳೆತ್ತರ ಮೀರಿದ ಮೂರ್ತಿಗಳು. ದಕ್ಷಿಣದವನು ಬೆಳಗಿನ ಸೂರ್ಯ, ಪಶ್ಚಿಮದವನು ಮಧ್ಯಾಹ್ನದವನು, ಉತ್ತರದವನು ಸಂಜೆಯವನು ಅನ್ನುತ್ತಾರೆ. ಮೊದಲ ಇಬ್ಬರೂ ನಿಂತಿದ್ದಾರೆ, ಉತ್ತರದವನು ಕುದುರೆ ಏರಿದ್ದಾನೆ. ದಿಕ್ಕು ಹಿಡಿದು ನೋಡಿದರೆ ಇದು ಹೊಂದುವುದಿಲ್ಲ. ಮಧ್ಯಾಹ್ನದ ಸೂರ್ಯ ಪಶ್ಚಿಮದಲ್ಲಿರುವುದಿಲ್ಲ. ಆದರೆ ಪೂರ್ವದ ಬಾಗಿಲಿನಿಂದ ಹೊರಟು ಪ್ರದಕ್ಷಿಣೆ ಹಾಕಿ ನೋಡಿ. ಬಲಕ್ಕೆ ದೇವರನ್ನು ಇಟ್ಟುಕೊಂಡು ನಡೆದವರಿಗೆ ಮೊದಲು ದಕ್ಷಿಣ, ಆಮೇಲೆ ಪಶ್ಚಿಮ, ಕೊನೆಗೆ ಉತ್ತರ ಎದುರಾಗುತ್ತದೆ. ಬೆಳಿಗ್ಗೆ, ಮಧ್ಯಾಹ್ನ, ಸಂಜೆ. ಇಲ್ಲಿ ಚಲಿಸುವವನು ಭಕ್ತ. ಬಿಸಿಲನ್ನು ಹಿಡಿಯಲು ಈ ಗೂಡುಗಳನ್ನು ಇಟ್ಟಿಲ್ಲ, ನಡೆಯುವವರ ಕಾಲಿನ ಲೆಕ್ಕಕ್ಕೆ ಇಟ್ಟಿದ್ದಾರೆ. ಬೆಳಕಿನ ಪವಾಡ ಹುಡುಕುವ ಭರದಲ್ಲಿ ಈ ಸರಳ ಯೋಜನೆ ನಮ್ಮ ಕಣ್ಣು ತಪ್ಪಿಸಿಕೊಳ್ಳುತ್ತದೆ.

ಗರ್ಭಗುಡಿಯ ಬೆಳಕಿನ ವಿಷಯವನ್ನು ಇವತ್ತು ನಿಂತು ನೋಡಿ ತೀರ್ಮಾನಿಸುವ ಹಾಗಿಲ್ಲ. ಅದರ ಮೇಲಿದ್ದ ದೊಡ್ಡ ಶಿಖರ ಬಿದ್ದುಹೋಗಿದೆ, ಉಳಿದಿದ್ದ ಕೊನೆಯ ತುಂಡೂ 19ನೇ ಶತಮಾನದಲ್ಲಿ ಉರುಳಿತು. ಅದರ ಮುಂದಿನ ಜಗಮೋಹನ ಮಂಟಪ ಕುಸಿಯದಿರಲಿ ಅಂತ ಬ್ರಿಟಿಷರು 1903ರಲ್ಲಿ ಒಳಗೆಲ್ಲ ಮರಳು ತುಂಬಿ ಬಾಗಿಲುಗಳನ್ನು ಮುಚ್ಚಿಸಿದರು. ಬೆಳಕು ಹಾದುಹೋಗುವ ದಾರಿಯ ನಟ್ಟನಡುವೆಯೇ ಈಗ ಮರಳು ಕೂತಿದೆ. 2022ರಲ್ಲಿ ಪುರಾತತ್ವ ಇಲಾಖೆ ಆ ಮರಳನ್ನು ತೆಗೆಯುವ ತಯಾರಿ ಶುರು ಮಾಡಿತು. ಕೆಲಸ ನಿಧಾನ ಆಗುವುದು ಸಹಜ, ಯಾಕೆಂದರೆ ಒಂದು ಶತಮಾನದಿಂದ ಮರಳಿಗೆ ಒರಗಿಕೊಂಡಿರುವ ಗೋಡೆಗಳು ಅದು ಹೋದಮೇಲೆ ಹೇಗೆ ನಿಲ್ಲುತ್ತವೆ ಅನ್ನುವುದು ಮೊದಲು ಗೊತ್ತಾಗಬೇಕು. ಬಾಗಿಲುಗಳು ತೆರೆದ ದಿನ ಅವುಗಳ ಅಗಲ, ಹೊಸ್ತಿಲಿನ ಎತ್ತರ, ನಡುಗೆರೆಯ ದಿಕ್ಕು ಮೂರನ್ನೂ ಅಳೆದರೆ ಸಾಕು. ವರ್ಷದಲ್ಲಿ ಯಾವ ಯಾವ ದಿನ ಬೆಳಗಿನ ಬೆಳಕು ಗರ್ಭಗುಡಿಯ ಪೀಠದವರೆಗೆ ಹೋಗುತ್ತಿತ್ತು ಅನ್ನುವುದನ್ನು ಒಂದು ಮಧ್ಯಾಹ್ನದಲ್ಲಿ ಲೆಕ್ಕ ಹಾಕಿ ಹೇಳಬಹುದು.